ಸಂಜೆಯ ಎರಡು ಗಂಟೆ ಬಿಡುವು, ಸೀರೆ ಫಾಲ್ಸ್

ಪ್ರಶ್ನೆ: ನಾನು ಗೃಹಿಣಿ. ಹೊಲಿಗೆ ಬರುತ್ತೆ, ಮನೆಯಲ್ಲಿ ಸಾದಾ ಹೊಲಿಗೆ ಮಷೀನ್ ಇದೆ. ಸಂಜೆ ಹೊತ್ತು ಮಾತ್ರ ಬಿಡುವು. ಮನೆಯಲ್ಲೇ ಕೂತು ಏನು ಮಾಡಿ ಸ್ವಲ್ಪ ದುಡಿಯಬಹುದು?

ಬ್ಲೌಸ್‌ನಿಂದ ಶುರು ಮಾಡಬೇಡಿ. ಸೀರೆಗೆ ಫಾಲ್ಸ್ ಹಾಕುವುದರಿಂದ ಶುರು ಮಾಡಿ. ನಾನು ಹಾಸನದಲ್ಲಿ ಏಳು ವರ್ಷದಿಂದ ಮನೆಯಲ್ಲೇ ಇದನ್ನು ಮಾಡುತ್ತಿದ್ದೇನೆ. ಎಲ್ಲರ ಹಾಗೆ ನಾನೂ ಮೊದಲು ಬ್ಲೌಸ್‌ಗೇ ಕೈ ಹಾಕಿದ್ದೆ. ಬ್ಲೌಸ್ ಕಟಿಂಗ್‌ಗೆ ಹಗಲು ಬೆಳಕು ಬೇಕು, ನಡುವೆ ಯಾರೂ ಕರೆಯಬಾರದು. ಕಂಕುಳ ಹತ್ತಿರ ಅರ್ಧ ಇಂಚು ಜಾಸ್ತಿ ಕತ್ತರಿ ಆಡಿತೋ, ಬಟ್ಟೆ ಹೋಯಿತು. ಅದು ಸೀರೆ ಜೊತೆಗೇ ಬಂದ ತುಂಡು, ಇನ್ನೊಂದು ಎಲ್ಲಿಂದ ತರುತ್ತೀರಿ? ಫಾಲ್ಸ್ ಹಾಗಲ್ಲ. ಕುಕ್ಕರ್ ಕೂಗಿದರೆ ಸೂಜಿ ಚುಚ್ಚಿಟ್ಟು ಎದ್ದು ಹೋಗಬಹುದು. ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು.

ನೈಟಿ, ಲಂಗ ಹೊಲಿದು ಮಾರಿ ಅಂತಲೂ ಕೆಲವರು ಹೇಳುತ್ತಾರೆ. ರೆಡಿಮೇಡ್ ಸಂತೆಯಲ್ಲಿ ಎಷ್ಟಕ್ಕೆ ಸಿಗುತ್ತೆ ಅಂತ ಒಮ್ಮೆ ಕೇಳಿ ನೋಡಿ. ಆ ದುಡ್ಡಿನಲ್ಲಿ ಬಟ್ಟೆ ಖರ್ಚು ಕಳೆದರೆ ನಮ್ಮ ಕೂಲಿಗೆ ಏನೂ ಉಳಿಯುವುದಿಲ್ಲ.

ಈಗ ನಿಮ್ಮ ಮಷೀನ್ ವಿಷಯ. ಸಾದಾ ಮಷೀನಿನ ಸೂಜಿ ನೇರವಾಗಿ ಮಾತ್ರ ಹೊಲಿಯುತ್ತದೆ. ಸೀರೆಯ ಎರಡು ತುದಿಗೆ ಹಾಕುವ ಜಿಗ್‌ಜಾಗ್ ಅದರಲ್ಲಿ ಬರುವುದಿಲ್ಲ, ಸೂಜಿ ಎಡಕ್ಕೂ ಬಲಕ್ಕೂ ಆಡುವ ಮಷೀನೇ ಬೇಕು. ಅದಕ್ಕಂತ ಈಗಲೇ ಹೊಸ ಮಷೀನ್ ತರಬೇಡಿ. ನಾನು ಮೊದಲೆರಡು ವರ್ಷ ಮಾರ್ಕೆಟ್ ಹತ್ತಿರ ಒಬ್ಬರಿಗೆ ಜಿಗ್‌ಜಾಗ್‌ಗೆ ಸೀರೆ ಕೊಡುತ್ತಿದ್ದೆ. ಬೆಳಿಗ್ಗೆ ತರಕಾರಿಗೆ ಹೋಗುವಾಗ ಕೊಟ್ಟು, ಬರುವಾಗ ತರುವುದು. ಸೀರೆಗೆ 20 ರೂಪಾಯಿ.

ಫಾಲ್ಸ್ ಬಟ್ಟೆ ಎರಡೂವರೆ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ, ಸುಮಾರು ಐದು ಇಂಚು ಅಗಲ ಇರುತ್ತದೆ. ಬಣ್ಣ ಹೊಂದಿಸುವುದನ್ನು ಹಗಲಲ್ಲೇ ಮುಗಿಸಿ. ಟ್ಯೂಬ್‌ಲೈಟ್ ಕೆಳಗೆ ಕಡು ನೀಲಿಯೂ ಕಪ್ಪೂ ಒಂದೇ ಥರ ಕಾಣುತ್ತವೆ. ತಂದ ಮೇಲೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ. ಈ ಕೆಲಸ ಬಿಟ್ಟು ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಪಕ್ಕದ ಬೀದಿಯ ಅಕ್ಕ ಒಬ್ಬರು ಕಾಟನ್ ಸೀರೆ ಕೊಟ್ಟಿದ್ದರು, ನಾಳೆಯೇ ಬೇಕು ಅಂದರು. ಫಾಲ್ಸ್ ನೆನೆಸದೆ ಹಾಗೇ ಹಾಕಿಕೊಟ್ಟೆ. ಮೊದಲ ಒಗೆತಕ್ಕೇ ಫಾಲ್ಸ್ ಕುಗ್ಗಿತು, ಸೀರೆ ಅಷ್ಟು ಕುಗ್ಗಲಿಲ್ಲ. ಅಂಚೆಲ್ಲ ಸುಕ್ಕುಸುಕ್ಕಾಗಿ ಮೇಲೆದ್ದು ನಿಂತಿತು. ಅವರು ಜಗಳ ಮಾಡಲಿಲ್ಲ, ಸುಮ್ನೆ ಸೀರೆ ಉಟ್ಟುಕೊಂಡು ಬಂದು ತೋರಿಸಿದರು. ಅದೇ ಜಾಸ್ತಿ ನೋವಾಯಿತು! ಬಿಚ್ಚಿ, ಹೊಸ ಫಾಲ್ಸ್ ಹಾಕಿ, ದುಡ್ಡು ತಗೊಳ್ಳದೆ ಕೊಟ್ಟೆ.

ಹಾಕುವ ಮೊದಲು ಸೆರಗು ಯಾವ ಕಡೆ, ಒಳಗೆ ಸಿಗಿಸುವ ತುದಿ ಯಾವುದು, ಸೀರೆಯ ಒಳಮೈ ಯಾವುದು ಅಂತ ನೋಡಿಕೊಳ್ಳಿ. ಎರಡೂ ಕಡೆ ಒಂದೇ ಥರ ಅಂಚಿದ್ದರೆ ಯಾವುದು ಕೆಳಗೆ ಬರಬೇಕು ಅಂತ ಸೀರೆಯವರನ್ನೇ ಕೇಳಿ. ಸಿಗಿಸುವ ತುದಿಯಿಂದ ಒಂದು ಗೇಣು ಬಿಟ್ಟು ಒಳಮೈಗೆ ಫಾಲ್ಸ್ ಇಡಿ. ಎರಡು ಕೊನೆಯನ್ನೂ ಒಳಕ್ಕೆ ಮಡಚಿ. ಕೆಳಗಿನ ಅಂಚಿಗೆ ಸರಿಯಾಗಿ ಜೋಡಿಸಿ, ಗೇಣಿಗೊಂದು ಗುಂಡುಪಿನ್ ಚುಚ್ಚಿ. ಮಂಚದ ಮೇಲೆ ಹರಡಿಕೊಂಡರೆ ಸಾಕು, ಮೇಜು ಬೇಕಿಲ್ಲ.

ಕಾಟನ್ ಸೀರೆಗಾದರೆ ಕೆಳಗಿನ ಅಂಚನ್ನು ನಿಮ್ಮ ಮಷೀನ್‌ನಲ್ಲೇ ಹೊಲಿಯಬಹುದು. ನುಣುಪು ಸೀರೆಗೆ 16ನೇ ನಂಬರ್ ಸೂಜಿ ಬೇಡ, ತೂತು ಕಾಣುತ್ತದೆ. 11 ಹಾಕಿ. ರೇಷ್ಮೆಗೆ ಮಾತ್ರ ನಾನು ಎರಡೂ ಅಂಚನ್ನು ಕೈಯಲ್ಲೇ ಹಾಕುತ್ತೇನೆ. ಮೇಲಿನ ಅಂಚು ಯಾವ ಸೀರೆಯಾದರೂ ಕೈ ಹೆಮ್ಮಿಂಗ್‌ನಲ್ಲೇ ಆಗಬೇಕು. ಸೂಜಿಗೆ ಸೀರೆಯ ಒಂದೆರಡು ಎಳೆ ಮಾತ್ರ ಸಿಗಬೇಕು, ಮುಂದಿನ ಮೈಯಲ್ಲಿ ಚುಕ್ಕಿ ಕಾಣಬಾರದು. ದಾರ ಎಳೆದು ಬಿಗಿ ಮಾಡಬೇಡಿ. ಮುಗಿದ ಮೇಲೆ ಸೀರೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನೋಡಿ. ಅಂಚು ತೊಟ್ಟಿಲ ಹಾಗೆ ಜೋತರೆ ಫಾಲ್ಸ್ ಸಡಿಲವಾಗಿದೆ, ಸಣ್ಣ ನೆರಿಗೆ ಬಿದ್ದರೆ ಬಿಗಿಯಾಗಿದೆ ಅಂತ ಅರ್ಥ. ಇಸ್ತ್ರಿ ಮಾಡಿದರೆ ಸರಿಹೋಗುತ್ತೆ ಅಂದುಕೊಳ್ಳಬೇಡಿ, ಹೋಗುವುದಿಲ್ಲ.

ದುಡ್ಡಿನ ಲೆಕ್ಕ ಹೇಳಲೇಬೇಕಲ್ವಾ. ನಾನು ಶುರು ಮಾಡಿದಾಗ ಫಾಲ್ಸ್, ಜಿಗ್‌ಜಾಗ್ ಎರಡೂ ಸೇರಿ 100 ರೂಪಾಯಿ ತಗೊಳ್ಳುತ್ತಿದ್ದೆ. ಫಾಲ್ಸ್ ಬಟ್ಟೆಗೆ 25, ಜಿಗ್‌ಜಾಗ್‌ಗೆ 20, ದಾರಕ್ಕೆ 5 ಹೋದರೆ ಕೈಗೆ 50. ಮೊದಮೊದಲು ಒಂದು ಸೀರೆಗೆ ಎರಡು ಗಂಟೆ ಹಿಡಿಯಿತು. ಈಗ ಒಂದು ಗಂಟೆ. ದಿನಕ್ಕೆ ಎರಡು ಸೀರೆ, ತಿಂಗಳಲ್ಲಿ 20 ಸಂಜೆ ಅಂದರೆ 2,000 ರೂಪಾಯಿ. ಇದು ಕಡಿಮೆಯೇ, ನಾನು ಬಣ್ಣ ಹಚ್ಚಿ ಹೇಳುವುದಿಲ್ಲ. ನಿಮ್ಮ ಊರಿನ ದರ ಬೇರೆ ಇರುತ್ತದೆ, ಎರಡು ಅಂಗಡಿಯಲ್ಲಿ ವಿಚಾರಿಸಿ ಅಷ್ಟೇ ತಗೊಳ್ಳಿ. ತೀರಾ ಇಳಿಸಿದರೆ ಆಮೇಲೆ ಏರಿಸುವುದು ಕಷ್ಟ.

ನನಗೆ ಇದರ ಬೆನ್ನಿಗೇ ಬಂದದ್ದು ಬ್ಲೌಸ್ ಆಲ್ಟರೇಶನ್. ಸೀರೆ ಕೊಡಲು ಬಂದವರೇ "ಈ ಬ್ಲೌಸ್ ಸ್ವಲ್ಪ ಟೈಟ್ ಆಗಿದೆ, ಬಿಚ್ಚಿಕೊಡ್ತೀರಾ?" ಅನ್ನುತ್ತಾರೆ. ಒಳಗೆ ಬಟ್ಟೆ ಬಿಟ್ಟಿದ್ದರೆ ಪಕ್ಕದ ಹೊಲಿಗೆ ಬಿಚ್ಚಿ, ಇನ್ನೊಂದು ನೇರ ಹೊಲಿಗೆ ಹಾಕಿದರೆ ಮುಗಿಯಿತು. ಇಪ್ಪತ್ತು ನಿಮಿಷಕ್ಕೆ 40 ರೂಪಾಯಿ, ಸಾದಾ ಮಷೀನೇ ಸಾಕು. ಗಂಟೆ ಲೆಕ್ಕದಲ್ಲಿ ನೋಡಿದರೆ ಫಾಲ್ಸ್‌ನ ಎರಡು ಪಟ್ಟಿಗಿಂತ ಜಾಸ್ತಿ. ಒಪ್ಪಿಕೊಳ್ಳುವ ಮೊದಲು ಬ್ಲೌಸ್ ಒಳಮಗ್ಗಲು ಮಾಡಿ, ಬಿಡಿಸಲು ಬಟ್ಟೆ ಎಷ್ಟಿದೆ ಅಂತ ಅವರ ಎದುರೇ ತೋರಿಸಿ. ಹಳೆ ಹೊಲಿಗೆ ಇದ್ದ ಜಾಗದಲ್ಲಿ ಗೆರೆ ಉಳಿಯುತ್ತೆ ಅಂತಲೂ ಆಗಲೇ ಹೇಳಿಬಿಡಿ.

ಕೆಲಸ ವರ್ಷವೆಲ್ಲ ಒಂದೇ ಸಮ ಇರುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಕೈ ಖಾಲಿ ಅನಿಸುತ್ತದೆ. ಆದರೆ ಆಷಾಢದ ಡಿಸ್ಕೌಂಟ್‌ನಲ್ಲಿ ಕೊಂಡ ಸೀರೆಗಳೆಲ್ಲ ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ದಿನ ಇರುವಾಗ ಒಟ್ಟಿಗೆ ಬಂದು ಬೀಳುತ್ತವೆ. ಅದಕ್ಕೇ ಆಷಾಢದಲ್ಲೇ ಮೆರೂನ್, ಹಸಿರು, ಕಪ್ಪು, ಕ್ರೀಮ್ ಬಣ್ಣದ ಫಾಲ್ಸ್ ತಂದು ನೆನೆಸಿ, ಇಸ್ತ್ರಿ ಮಾಡಿಟ್ಟುಕೊಳ್ಳುತ್ತೇನೆ. ಕೊನೆ ಮೂರು ದಿನ ಹೊಸ ಸೀರೆ ತಗೊಳ್ಳುವುದಿಲ್ಲ, ಯಾರು ಎಷ್ಟೇ ಬೇಸರ ಮಾಡಿಕೊಂಡರೂ.

ಸೀರೆ ತಗೊಳ್ಳುವಾಗ ಪೂರ್ತಿ ಬಿಚ್ಚಿ ನೋಡಿ. ಕಲೆ, ಎಳೆ ಹೋದದ್ದು ಇದ್ದರೆ ಆಗಲೇ ತೋರಿಸಿ, ಇಲ್ಲದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ. ಹೆಸರು, ಕೊಡಬೇಕಾದ ದಿನ ಬರೆದ ಚೀಟಿಯನ್ನು ದಾರದಲ್ಲಿ ಕಟ್ಟಿ. ಪಿನ್ ಚುಚ್ಚಬೇಡಿ, ತುಕ್ಕು ಹಿಡಿದರೆ ಕಲೆ ಆಗುತ್ತದೆ.

ಇನ್ನು ಜಿಗ್‌ಜಾಗ್ ಮಷೀನ್ ಯಾವಾಗ ಕೊಳ್ಳಬೇಕು? ತಿಂಗಳಿಗೆ 40 ಸೀರೆ ಬಿಡದೆ ಬರಲು ಶುರುವಾದಾಗ. 40 ಸೀರೆಗೆ 20ರಂತೆ 800 ರೂಪಾಯಿ ಉಳಿಯುತ್ತದೆ. ನಾನು ಕೊಂಡಾಗ ಮೋಟರ್ ಸೇರಿ ಹತ್ತು ಸಾವಿರದ ಹತ್ತಿರ ಆಯಿತು, ಅದರ ದುಡ್ಡು ವಾಪಸ್ ಬರಲು ಒಂದು ವರ್ಷ ದಾಟಿತು. ಆಮೇಲೆ ಪಕ್ಕದ ಬೀದಿಯ ಇಬ್ಬರು ತಮ್ಮ ಸೀರೆಗಳಿಗೆ ಜಿಗ್‌ಜಾಗ್ ಹಾಕಿಸಲು ನನ್ನ ಹತ್ತಿರವೇ ತರುತ್ತಿದ್ದಾರೆ.