ಕೊಠಡಿ ಬಾಡಿಗೆಯ ಮಿತಿ ಮತ್ತು ಬಿಲ್ಲಿನ ಕಡಿತ

“ಪುಣೆಯಲ್ಲಿ ಅಪ್ಪನ ಶಸ್ತ್ರಚಿಕಿತ್ಸೆಗೆ 4 ಲಕ್ಷ ಬಿಲ್ಲಾಗಿದೆ. ಕೊಠಡಿಗೆ ದಿನಕ್ಕೆ 5,000 ಮಿತಿ, ನಾವು ಪಡೆದದ್ದು 8,000ದ್ದು. ವಿಮೆಯವರು 1.5 ಲಕ್ಷ ಕಡಿದಿದ್ದಾರೆ. ಎಫ್‌ಡಿ ಮುರಿಸಬೇಕೇ?”

ಈಗಲೇ ಮುರಿಸಬೇಡಿ. ನಿಮ್ಮ 8,000ದ ಬಾಡಿಗೆಯಲ್ಲಿ ಮಿತಿ ಮೀರಿದ್ದು 3,000, ಅಂದರೆ ಎಂಟರಲ್ಲಿ ಮೂರು ಪಾಲು; ವಿಮೆಯವರು ಇತರ ವೆಚ್ಚಗಳನ್ನೂ ಇದೇ ಅನುಪಾತದಲ್ಲಿ ಕಡಿಯುತ್ತಾರೆ. 1.5 ಲಕ್ಷವೆಂದರೆ ಇಡೀ ಬಿಲ್ಲಿನ ಸರಿಯಾಗಿ ಅಷ್ಟೇ ಪಾಲು, ಅಂದರೆ ಔಷಧಿಗೂ ಕತ್ತರಿ ಬಿದ್ದಿದೆ. ಈ ಅನುಪಾತದ ಕಡಿತವು ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯಂಥ ವೆಚ್ಚಗಳಿಗೆ ಸಲ್ಲುತ್ತದೆಯೇ ಹೊರತು, ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮದಂತೆ ಔಷಧಿ, ಇಂಪ್ಲಾಂಟ್, ತಪಾಸಣೆ, ಐಸಿಯು ಶುಲ್ಕಗಳಿಗೆ ಸಲ್ಲುವುದಿಲ್ಲ. ಐದು ದಿನದ ಬಾಡಿಗೆ 40,000, ವೈದ್ಯರದು ಮತ್ತು ಶಸ್ತ್ರಚಿಕಿತ್ಸೆಯದು 1,60,000, ಉಳಿದದ್ದು ಔಷಧಿ, ತಪಾಸಣೆ ಎಂದುಕೊಂಡರೆ, ಕಡಿತವು 15,000 ಮತ್ತು 60,000 ಸೇರಿ 75,000 ಮಾತ್ರ.

ಆಸ್ಪತ್ರೆಯಲ್ಲಿ ವಿಮೆಯ ಕ್ಲೇಮುಗಳನ್ನು ನೋಡಿಕೊಳ್ಳುವ ಟಿಪಿಎ ಕೌಂಟರಿನಲ್ಲಿ ಕಡಿತದ ವಿವರಪಟ್ಟಿ ಕೇಳಿ, ಮರುಪರಿಶೀಲನೆಯ ಮನವಿಯನ್ನು ಬಿಡುಗಡೆಗೆ ಮೊದಲೇ ಬರೆದು ಕೊಡಿ. ನಾನು ಮನೆಗೆ ಬಂದ ಮೇಲೆ ಕೇಳಿ ತಿಂಗಳುಗಟ್ಟಲೆ ಅಲೆದೆ. ಉಳಿದ ಮೊತ್ತಕ್ಕೆ ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ ಪಡೆಯಿರಿ. ಬಳಸಿದಷ್ಟಕ್ಕೇ ಬಡ್ಡಿ ಬೀಳುತ್ತದೆ.