ಸಹಿ ಅಧಿಕಾರದ ಠರಾವು ಬರೆಯುವುದು ಹೇಗೆ?

ಪ್ರಶ್ನೆ: ಅಧ್ಯಕ್ಷರಿಗೂ ಖಜಾಂಚಿಗೂ 5 ಲಕ್ಷದವರೆಗಿನ ಒಪ್ಪಂದಗಳಿಗೆ ಸಹಿ ಹಾಕಲು ಸಭೆ ಒಪ್ಪಿದೆ. ನಡಾವಳಿಯಲ್ಲಿ ಹೇಗೆ ದಾಖಲಿಸಲಿ?

ಉತ್ತರ: ‘ಇಬ್ಬರಿಗೂ ಅಧಿಕಾರ ಕೊಡಲಾಗಿದೆ’ ಎಂದಷ್ಟೇ ಬರೆಯಬೇಡಿ. ಒಬ್ಬರ ಸಹಿ ಸಾಕೋ, ಇಬ್ಬರದೂ ಬೇಕೋ ಎಂಬುದೇ ಅದರಲ್ಲಿ ಗೊತ್ತಾಗುವುದಿಲ್ಲ. ಹೆಚ್ಚಿನ ತಕರಾರು ಏಳುವುದು ಮಿತಿಯ ವಿಷಯದಲ್ಲಿ. ತಿಂಗಳಿಗೆ 20 ಸಾವಿರದ ನಿರ್ವಹಣಾ ಒಪ್ಪಂದ ಸಣ್ಣದಾಗಿ ಕಾಣುತ್ತದೆ, ಆದರೆ ಮೂರು ವರ್ಷಕ್ಕೆ ಅದು 7.2 ಲಕ್ಷ, ಅಂದರೆ ಮಿತಿ ಮೀರಿತು. ನಾನಾದರೆ ಹೀಗೆ ಬರೆಯುತ್ತೇನೆ:

‘ಪೂರ್ಣ ಅವಧಿಯ ಮೊತ್ತ ತೆರಿಗೆ ಸೇರಿ 5 ಲಕ್ಷ ಮೀರದ ಪ್ರತಿ ಒಪ್ಪಂದಕ್ಕೂ ಅಧ್ಯಕ್ಷರು ಮತ್ತು ಖಜಾಂಚಿ ಜಂಟಿಯಾಗಿ ಸಹಿ ಹಾಕಬಹುದು. ಒಂದೇ ಕೆಲಸವನ್ನು ಒಡೆದು ಮಿತಿಯೊಳಗೆ ತರುವಂತಿಲ್ಲ. ಈ ಅಧಿಕಾರ ಮುಂದಿನ ವಾರ್ಷಿಕ ಸಭೆಯವರೆಗೆ ಮಾತ್ರ.’

ಹೆಸರಿಗಿಂತ ಹುದ್ದೆ ನಮೂದಿಸಿದರೆ ಪದಾಧಿಕಾರಿ ಬದಲಾದಾಗ ಹೊಸ ಠರಾವು ಬೇಕಾಗುವುದಿಲ್ಲ.