ಬರಿಗೈಯಲ್ಲಿ ನಡೆದು ಕಲಿತರೆ ಜಾವೆಲಿನ್ ಅರ್ಧ ಬಂದ ಹಾಗೆ

ಪ್ರಶ್ನೆ: ನಮ್ಮ ಹೈಸ್ಕೂಲ್ ಮಕ್ಕಳಿಗೆ ಮೊದಲ ಸಲ ಜಾವೆಲಿನ್ ಕಲಿಸಬೇಕು. ಹಿಡಿಯೋದು, ಹೊರೋದು, ಕ್ರಾಸ್ ಸ್ಟೆಪ್ ಹೇಗೆ ಹೇಳಿಕೊಡಲಿ? ಯಾರಿಗೂ ಏಟಾಗಬಾರದು.

ಕೋಲಾರ ಕಡೆಯ ಒಂದು ಶಾಲೆಯಲ್ಲಿ ಆಟ ಕಲಿಸುವವನು ನಾನು. ಮೊದಲ ನಾಲ್ಕೈದು ದಿನ ಯಾರಿಂದಲೂ ಎಸೆಸುವುದಿಲ್ಲ. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಹೋದ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕ್ರಾಸ್ ಸ್ಟೆಪ್ ಶುರು ಮಾಡಿದ ಕೂಡಲೇ ಜಾವೆಲಿನ್ ತುದಿ ಬಲಕ್ಕೆ ತಿರುಗುತ್ತಿತ್ತು, ಬಾಲ ಹಿಂದೆ ನೆಲಕ್ಕೆ ತಾಗುತ್ತಿತ್ತು. ತಪ್ಪು ಕಾಲಿನಲ್ಲಿದೆ ಅಂತ ನಾನೂ ಎರಡು ದಿನ ಕಾಲನ್ನೇ ತಿದ್ದಿದೆ. ಆಮೇಲೆ ಗೊತ್ತಾಯಿತು, ಅವಳು ಪೊರಕೆ ಹಿಡಿದ ಹಾಗೆ ಮುಷ್ಟಿ ಬಿಗಿದಿದ್ದಳು. ಮುಷ್ಟಿ ಬಿಗಿದರೆ ಮಣಿಕಟ್ಟು ತಿರುಗುತ್ತದೆ, ತುದಿಯೂ ಜೊತೆಗೆ ಹೋಗುತ್ತದೆ.

ಅಂಗೈ ಆಕಾಶಕ್ಕೆ ಬಿಚ್ಚಿಸಿ ಜಾವೆಲಿನ್ನನ್ನು ಅಂಗೈ ಮೇಲೆ ಓರೆಯಾಗಿ ಮಲಗಿಸಿದೆ. ಹೆಬ್ಬೆರಳು, ನಡುಬೆರಳು ದಾರ ಸುತ್ತಿದ ಹಿಡಿಯ ಹಿಂದಿನ ಅಂಚಿಗೆ. ತೋರುಬೆರಳು ಕೋಲಿನ ಉದ್ದಕ್ಕೆ ಹಿಂದಕ್ಕೆ. ಬೆರಳು ಚಿಕ್ಕದಿದ್ದರೆ ನಡುಬೆರಳಿನ ಬದಲು ತೋರುಬೆರಳನ್ನೇ ಅಂಚಿಗೆ ಕೊಡಿ, ಅದೂ ಸರಿಯೇ. ಓಡುವಾಗ ಜಾವೆಲಿನ್ ತಲೆಯ ಪಕ್ಕ, ಭುಜಕ್ಕಿಂತ ಮೇಲೆ ಇರಲಿ. ಮುಷ್ಟಿ ಸಡಿಲ.

ಇನ್ನು ಕ್ರಾಸ್ ಸ್ಟೆಪ್. ಇದನ್ನು ಬರಿಗೈಯಲ್ಲಿ, ನಡೆದುಕೊಂಡೇ ಕಲಿಸಿ. ಬಲಗೈ ಮಕ್ಕಳಾದರೆ ಎಡಭುಜ ಎಸೆಯುವ ದಿಕ್ಕಿಗೆ, ಬಲಗೈ ಹಿಂದೆ ಭುಜದ ಎತ್ತರಕ್ಕೆ ನೇರವಾಗಿ ಚಾಚಿ, ಅಂಗೈ ಮೇಲಕ್ಕೆ. ಬಲಗಾಲು ಎಡಗಾಲಿನ ಮುಂದೆ ದಾಟಬೇಕು. ಹಾರಬಾರದು, ನೆಲಕ್ಕೆ ಹತ್ತಿರ ಸರಿಯಬೇಕು. ಆಮೇಲೆ ಅದೇ ನಡಿಗೆ ಜಾವೆಲಿನ್ ಜೊತೆ. ತುದಿ ಹುಬ್ಬಿನ ಹತ್ತಿರ ನಿಂತರೆ ಸರಿ. ಕೈ ಕೆಳಗಿಳಿದರೆ ಬಾಲ ನೆಲಕ್ಕೆ ಬಡಿಯುತ್ತದೆ. ಆ ಹುಡುಗಿ ಹಿಡಿ ತಿದ್ದಿದ ಮೂರನೇ ದಿನಕ್ಕೆ ಮೂರು ಕ್ರಾಸ್ ಸ್ಟೆಪ್ಪನ್ನು ತುದಿ ಅಲುಗದಂತೆ ನಡೆದಳು. ಆಗ ಎಸೆಯಲು ಬಿಟ್ಟೆ.

ಎಸೆಯುವಾಗ ಮೊಣಕೈ ಭುಜಕ್ಕಿಂತ ಕೆಳಗಿದ್ದರೆ ಮೊಣಕೈಯ ಒಳಬದಿ ನೋಯುತ್ತದೆ. ಹಾಗೆ ಹೇಳಿದ ಮಗುವನ್ನು ಅವತ್ತಿಗೆ ನಿಲ್ಲಿಸಿ. ಭಾರವೂ ನೋಡಿ: 18 ವರ್ಷದೊಳಗಿನ ಹುಡುಗಿಯರಿಗೆ 500 ಗ್ರಾಂ, ಹುಡುಗರಿಗೆ 700 ಗ್ರಾಂ. ಸ್ಟೋರ್ ರೂಮಿನಲ್ಲಿ ಬಿದ್ದಿರುವ 800 ಗ್ರಾಂ ದೊಡ್ಡ ಗಂಡಸರದು.

ಏಟಾಗುವುದು ಎಸೆತದಿಂದ ಮಾತ್ರ ಅಂದುಕೊಳ್ಳಬೇಡಿ. ನೆಲಕ್ಕೆ ಚುಚ್ಚಿ ನಿಂತ ಜಾವೆಲಿನ್‌ನ ಬಾಲ ಓಡಿ ಬರುವವರ ಮುಖದ ಎತ್ತರಕ್ಕಿರುತ್ತದೆ. ಎಲ್ಲರೂ ಎಸೆದು ಮುಗಿದ ಮೇಲೆ ಸೀಟಿ, ಆಮೇಲೆ ನಡೆದೇ ಹೋಗಬೇಕು. ಪಕ್ಕದಿಂದ ಬಂದು, ಒಂದು ಕೈಯಲ್ಲಿ ಬಾಲ ಮುಚ್ಚಿ, ಹಿಂದೆ ಯಾರೂ ಇಲ್ಲ ಅಂತ ನೋಡಿ, ಚುಚ್ಚಿದ ಓರೆಯಲ್ಲೇ ಎಳೆಯಬೇಕು. ವಾಪಸ್ ಬರುವಾಗ ತುದಿ ಕೆಳಗೆ, ಕೋಲು ನೇರ. ವಾಪಸ್ ಎಸೆಯುವುದಂತೂ ಬೇಡವೇ ಬೇಡ.

ಇನ್ನೊಂದು, ನಮ್ಮ ಕಡೆಯ ಕೆಂಪು ನೆಲ ಬೇಸಿಗೆಯಲ್ಲಿ ಕಲ್ಲಿನ ಹಾಗಾಗುತ್ತದೆ. ಜಾವೆಲಿನ್ ಚುಚ್ಚದೆ ಜಾರಿಕೊಂಡು ಮುಂದೆ ಹೋಗುತ್ತದೆ. ಹಿಂದಿನ ಸಂಜೆ ನೀರು ಹಾಕಿಸಿಬಿಡಿ, ಆ ಕಡೆ ಕಬಡ್ಡಿ ಆಡುವವರನ್ನೂ ಬೇರೆ ಕಡೆ ಕಳಿಸಿ.